ಲೀಸಾ, ಖರೀದೀನಾ: ಒಂದು ವಿ.ಎಂ.ಸಿ. ಮಷಿನ್‌ಗೆ ನಾನು ಹಾಕಿದ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಕಡೆ ವಾಲ್ವ್ ಮತ್ತು ಅದರ ಬಿಡಿಭಾಗ ಮಾಡುವ ಘಟಕಗಳಿವೆ. ಅವುಗಳಲ್ಲಿ ಕೆಲವಕ್ಕೆ ನಾನು ಲೆಕ್ಕಪತ್ರ ನೋಡಿಕೊಡುತ್ತೇನೆ. ಅಂಥ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಹೊಸ ವಿ.ಎಂ.ಸಿ. ಮಷಿನ್ ಬೇಕಾಗಿತ್ತು. ಬೇಕೋ ಬೇಡವೋ ಎಂಬುದು ಆಗಲೇ ತೀರ್ಮಾನವಾಗಿತ್ತು. ಉಳಿದದ್ದು ಸಾಲ ಮಾಡಿ ಕೊಳ್ಳುವುದೋ, ಲೀಸ್‌ಗೆ ತರುವುದೋ ಎಂಬ ಪ್ರಶ್ನೆ. ಮಾಲೀಕರ ಒಪ್ಪಿಗೆ ಪಡೆದು, ಅಂಕಿಗಳನ್ನು ದುಂಡಗೆ ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಜಿ.ಎಸ್.ಟಿ. ಬಿಟ್ಟು ಮಷಿನ್ ಬೆಲೆ 40 ಲಕ್ಷ. ಬ್ಯಾಂಕ್ ಟರ್ಮ್ ಲೋನ್ ಬಡ್ಡಿ ಶೇ. 10.7. ಲೀಸ್ ಕಂಪನಿ ಕೇಳಿದ್ದು ವರ್ಷಕ್ಕೆ 8 ಲಕ್ಷ ಬಾಡಿಗೆ, ಪ್ರತಿ ವರ್ಷದ ಆರಂಭದಲ್ಲೇ ಕಟ್ಟಬೇಕು. ಐದು ವರ್ಷದ ಕರಾರು, ಬಡ್ಡಿ ಇಲ್ಲದ 2 ಲಕ್ಷ ಡಿಪಾಸಿಟ್, ಕೊನೆಗೆ ಮಷಿನ್ ವಾಪಸ್. ವಿಮೆ, ರಿಪೇರಿ ಎರಡೂ ದಾರಿಯಲ್ಲಿ ನಮ್ಮದೇ ಆದ್ದರಿಂದ ಅವನ್ನು ಲೆಕ್ಕದಿಂದ ತೆಗೆದೆ. ಜಿ.ಎಸ್.ಟಿ.ಯೂ ಹಾಗೆಯೇ: ಮಷಿನ್ ಮೇಲಿನದು, ಬಾಡಿಗೆ ಮೇಲಿನದು ಎರಡಕ್ಕೂ ಈ ಕಂಪನಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ.

ಮಾಲೀಕರ ವಾದ ಹೀಗಿತ್ತು: "ಬಾಡಿಗಿ ಕಟ್ಟಿದ್ರ ಪೂರಾ ಖರ್ಚಿಗೆ ಬರ್ತೈತಿ, ಸಾಲದಾಗ ಬಡ್ಡಿ ಅಷ್ಟ ಬರ್ತೈತಿ. ಲೀಸ್ ಚಲೋ ಅಲ್ಲೇನ್ರಿ ಸರ್ರ?" ಅರ್ಧ ನಿಜ. ಸಾಲದ ಅಸಲು ಖರ್ಚಿಗೆ ಬರುವುದಿಲ್ಲ, ಆದರೆ ಮಷಿನ್ ನಮ್ಮದಾದರೆ ಅದರ ಬೆಲೆ ವರ್ಷ ವರ್ಷ ಸವಕಳಿಯಾಗಿ ಖರ್ಚಿಗೆ ಬರುತ್ತದೆ. ಯಾವುದರಿಂದ ತೆರಿಗೆ ಎಷ್ಟು, ಯಾವಾಗ ಉಳಿಯುತ್ತದೆ ಎಂದು ವರ್ಷವಾರು ಬರೆದು ನೋಡದೆ ಇದಕ್ಕೆ ಉತ್ತರವಿಲ್ಲ.

ಮೊದಲು ಡಿಸ್ಕೌಂಟ್ ದರ, ಅಂದರೆ ಮುಂದೆ ಕೊಡುವ, ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ದರ. ಮಾಲೀಕರ ಅಣ್ಣನ ಮಗ ಎಂ.ಬಿ.ಎ. ಓದಿದವನು, ಅವನೂ ಒಂದು ಶೀಟ್ ಮಾಡಿ ತಂದಿದ್ದ. ಕಂಪನಿ ತನ್ನ ಬಂಡವಾಳದ ಮೇಲೆ ಬಯಸುವ ಶೇ. 14 ಅನ್ನೇ ಎಲ್ಲ ಸಾಲಿಗೂ ಹಾಕಿದ್ದ. ಅವನ ಶೀಟ್‌ನಲ್ಲಿ ಲೀಸ್ ಸುಮಾರು 3.1 ಲಕ್ಷ ಅಗ್ಗ. ಅದೇ ಅಂಕಿಗಳಿಗೆ ನಾನು ಶೇ. 8 ಹಾಕಿದರೆ ಖರೀದಿಯೇ 1.6 ಲಕ್ಷ ಅಗ್ಗ. ದರ ಒಂದನ್ನು ಬದಲಿಸಿದ್ದಕ್ಕೆ ಉತ್ತರ ತಿರುಗಿಬಿತ್ತು.

ಶೇ. 14 ಇಲ್ಲಿಗೆ ಯಾಕೆ ಹೊಂದುವುದಿಲ್ಲವೆಂದರೆ, ಲೀಸ್ ಬಾಡಿಗೆ ವ್ಯಾಪಾರದ ಲಾಭದಂತೆ ಏರಿಳಿಯುವುದಿಲ್ಲ. ಆರ್ಡರ್ ಬರಲಿ ಬಿಡಲಿ ಕಟ್ಟಲೇಬೇಕು, ಬ್ಯಾಂಕ್ ಕಂತಿನ ಹಾಗೆ. ಲೀಸ್ ಒಪ್ಪಿದರೆ ನಾವು ಬಿಡುವುದು ಬ್ಯಾಂಕ್ ಸಾಲವನ್ನೇ. ಹಾಗಾಗಿ ಸಾಲದ ದರವೇ ಅಳತೆಗೋಲು. ದೊಡ್ಡ ದರ ಹಾಕಿದಾಗ ಮುಂದೆ ಕಟ್ಟುವ ಬಾಡಿಗೆ ಇವತ್ತಿನ ಬೆಲೆಯಲ್ಲಿ ಕುಗ್ಗಿ ಕಾಣುತ್ತದೆ. ಖರೀದಿಯ 40 ಲಕ್ಷ ಮಾತ್ರ ಇವತ್ತೇ ಕೊಡುವಂಥದ್ದು, ಅದು ಕುಗ್ಗುವುದಿಲ್ಲ. ದರ ಏರಿಸುತ್ತಾ ಹೋದರೆ ಎಂಥ ದುಬಾರಿ ಲೀಸ್ ಕೂಡ ಒಂದು ಹಂತದಲ್ಲಿ ಗೆಲ್ಲುತ್ತದೆ.

ಇನ್ನು ಸಾಲದ ದರವನ್ನು ತೆರಿಗೆ ಕಳೆದೇ ಯಾಕೆ ತೆಗೆದುಕೊಳ್ಳಬೇಕು? ಈ ಕಂಪನಿ ಶೇ. 22ರ ದರ ಆರಿಸಿಕೊಂಡಿದೆ. ಸರ್‌ಚಾರ್ಜ್, ಸೆಸ್ ಸೇರಿ ಶೇ. 25.168 ಆಗುತ್ತದೆ. ಬಡ್ಡಿ ಖರ್ಚಿಗೆ ಬರುವುದರಿಂದ 10.7ರಲ್ಲಿ ಅಷ್ಟು ಭಾಗ ಕಳೆದರೆ ಉಳಿಯುವುದು 8.007, ಅಂದರೆ ಶೇ. 8. ಆ ಹುಡುಗನಿಗೆ ಇದನ್ನು ಒಂದೇ ವರ್ಷದ ಸಾಲ ಇಟ್ಟು ತೋರಿಸಿದೆ. 40 ಲಕ್ಷ ಸಾಲಕ್ಕೆ ವರ್ಷದ ಕೊನೆಗೆ 44.28 ಲಕ್ಷ ಕಟ್ಟುತ್ತೇವೆ. ಅದರಲ್ಲಿ ಬಡ್ಡಿ 4.28 ಲಕ್ಷ, ಅದರಿಂದ ಉಳಿಯುವ ತೆರಿಗೆ 1.077 ಲಕ್ಷ. ಕೈಯಿಂದ ನಿಜವಾಗಿ ಹೋದದ್ದು 43.203 ಲಕ್ಷ. ಅದನ್ನು 1.08007ರಿಂದ ಭಾಗಿಸಿದರೆ ಸರಿಯಾಗಿ 40 ಲಕ್ಷ. ಐದು ವರ್ಷದ ಕಂತಿಗೂ ಹೀಗೇ ಆಗುತ್ತದೆ.

ಇದರಿಂದ ಒಂದು ಕೆಲಸವೂ ಉಳಿಯಿತು. ಖರೀದಿಯ ಕಡೆ ಕಂತು, ಬಡ್ಡಿ ಯಾವುದನ್ನೂ ಬರೆಯಬೇಕಿಲ್ಲ, ಇವತ್ತು 40 ಲಕ್ಷ ಎಂದು ಬರೆದರೆ ಸಾಕು. ಬಡ್ಡಿಯ ತೆರಿಗೆ ಉಳಿತಾಯ ದರದೊಳಗೇ ಕೂತಿದೆ. 40 ಲಕ್ಷವನ್ನೂ ಬರೆದು, ಬಡ್ಡಿಯ ತೆರಿಗೆ ಉಳಿತಾಯವನ್ನು ಮತ್ತೆ ಬೇರೆ ಸಾಲಿನಲ್ಲಿ ಕಳೆದ ಶೀಟ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಅಲ್ಲಿ ಒಂದೇ ಲಾಭ ಎರಡು ಸಲ ಎಣಿಸಿದಂತಾಗಿ ಖರೀದಿ ಸುಳ್ಳೇ ಅಗ್ಗವಾಗಿ ಕಾಣುತ್ತದೆ.

ಈಗ ಲೀಸ್ ಕಡೆ. ಐದು ಬಾಡಿಗೆಗಳಲ್ಲಿ ಮೊದಲನೆಯದು ಇವತ್ತೇ ಹೋಗುತ್ತದೆ. ಶೀಟ್‌ನ NPV ಫಂಕ್ಷನ್ ಮಾತ್ರ ತನಗೆ ಕೊಟ್ಟ ಮೊದಲ ಅಂಕಿಯನ್ನೂ ಒಂದು ವರ್ಷ ಮುಂದಿನದು ಎಂದೇ ತಿಳಿಯುತ್ತದೆ. ಐದನ್ನೂ ಅದರೊಳಗೆ ತುಂಬಿದರೆ 31.94 ಲಕ್ಷ ಬರುತ್ತದೆ, ನಿಜವಾದದ್ದು 34.50 ಲಕ್ಷ. ಎರಡೂವರೆ ಲಕ್ಷದ ವ್ಯತ್ಯಾಸ ಒಂದು ಬ್ರ್ಯಾಕೆಟ್‌ನಲ್ಲಿದೆ. ಮೊದಲ ಬಾಡಿಗೆ B2ರಲ್ಲಿ, ಉಳಿದ ನಾಲ್ಕು C2ರಿಂದ F2ವರೆಗೆ ಇದ್ದರೆ ಬರೆಯಬೇಕಾದ್ದು ಹೀಗೆ:

```
=B2+NPV(8%,C2:F2)
```

ಬಾಡಿಗೆಯಿಂದ ಉಳಿಯುವ ತೆರಿಗೆಯನ್ನು ನಾನು ವರ್ಷದ ಕೊನೆಗೆ ಹಾಕಿದೆ. ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟುತ್ತಾರೆ ನಿಜ, ಆದರೆ ಎರಡೂ ಕಡೆ ಒಂದೇ ಪದ್ಧತಿ ಇಟ್ಟರೆ ಅದು ತೀರ್ಮಾನ ಕೆಡಿಸುವಷ್ಟು ದೊಡ್ಡದಲ್ಲ. ಆ ಉಳಿತಾಯದ ಇವತ್ತಿನ ಬೆಲೆ 8.04 ಲಕ್ಷ. 2 ಲಕ್ಷ ಡಿಪಾಸಿಟ್ ಐದು ವರ್ಷಕ್ಕೆ ವಾಪಸ್ ಬಂದರೂ ಬಡ್ಡಿ ಇಲ್ಲದೆ ಕೂತದ್ದಕ್ಕೆ 64 ಸಾವಿರ ತಿನ್ನುತ್ತದೆ. ಎಲ್ಲ ಸೇರಿ ಲೀಸ್‌ನ ನಿಜವಾದ ಹೊರೆ 27.10 ಲಕ್ಷ.

ಖರೀದಿಯ ಕಡೆ ಸವಕಳಿ ಶೇ. 15, ಅದೂ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಮೊದಲ ವರ್ಷ 6 ಲಕ್ಷ, ಎರಡನೇ ವರ್ಷ 5.10 ಲಕ್ಷ, ಹೀಗೆ ಇಳಿಯುತ್ತಾ ಐದನೇ ವರ್ಷ 3.13 ಲಕ್ಷ. ಇದರಿಂದ ಉಳಿಯುವ ತೆರಿಗೆಯ ಇವತ್ತಿನ ಬೆಲೆ ಒಟ್ಟು 4.58 ಲಕ್ಷ. ಐದು ವರ್ಷ ಮುಗಿದಾಗ ಪುಸ್ತಕದಲ್ಲಿ 17.75 ಲಕ್ಷ ಉಳಿದಿರುತ್ತದೆ. ಆರನೇ ವರ್ಷದ ಶುರುವಿಗೆ ಮಷಿನ್ 14 ಲಕ್ಷಕ್ಕೆ ಹೋಯಿತು ಎನ್ನಿ. ಹೊರದೇಶದ ಪಠ್ಯಪುಸ್ತಕಗಳಲ್ಲಿ ಉಳಿದ 3.75 ಲಕ್ಷವನ್ನು ನಷ್ಟವೆಂದು ಅದೇ ವರ್ಷ ಕಳೆಯುತ್ತಾರೆ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಹಾಗಿಲ್ಲ. ಶೇ. 15ರ ಎಲ್ಲ ಮಷಿನ್‌ಗಳೂ ಒಂದೇ ಬ್ಲಾಕ್. ಮಾರಿದ ಹಣ ಬ್ಲಾಕ್‌ನಿಂದ ಕಳೆಯುತ್ತದೆ, ಉಳಿದದ್ದರ ಮೇಲೆ ಸವಕಳಿ ವರ್ಷ ವರ್ಷ ಹನಿಹನಿಯಾಗಿ ಬರುತ್ತಲೇ ಇರುತ್ತದೆ. ಆ ಬಾಲದ ಇವತ್ತಿನ ಬೆಲೆ 42 ಸಾವಿರ. ಮಾರಾಟದ 14 ಲಕ್ಷದ ಇವತ್ತಿನ ಬೆಲೆ 9.53 ಲಕ್ಷ. ಎಲ್ಲ ಕಳೆದು ಖರೀದಿಯ ಹೊರೆ 25.47 ಲಕ್ಷ.

ಇಲ್ಲಿಗೆ ಮುಗಿಸಬಹುದಿತ್ತು, ಆದರೆ ಆ 14 ಲಕ್ಷ ನನಗೆ ಸಮಾಧಾನ ಕೊಡಲಿಲ್ಲ. ಬಾಡಿಗೆ ಕರಾರಿನಲ್ಲಿದೆ, ಸವಕಳಿ ಕಾನೂನಿನಲ್ಲಿದೆ, ಐದು ವರ್ಷದ ನಂತರದ ಬೆಲೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಅಷ್ಟು ಅನಿಶ್ಚಿತವಾದದ್ದನ್ನು ಶೇ. 8ಕ್ಕೆ ಇಳಿಸುವುದು ಸರಿಯಲ್ಲ, ಆ ಒಂದು ಸಾಲಿಗೆ ಮಾತ್ರ ದೊಡ್ಡ ದರ ಹಾಕಬೇಕು ಎನ್ನುವವರಿದ್ದಾರೆ. ಹುಡುಗನ ಶೇ. 14ಕ್ಕೆ ನಿಜವಾದ ಜಾಗ ಇದೇ. ಹಾಕಿದರೆ 14 ಲಕ್ಷದ ಇವತ್ತಿನ ಬೆಲೆ 7.27ಕ್ಕೆ ಇಳಿದು ಖರೀದಿಯ ಹೊರೆ 27.73 ಲಕ್ಷವಾಗುತ್ತದೆ. ಆಗ ಲೀಸ್ 63 ಸಾವಿರ ಅಗ್ಗ.

ನಾನು ದರದ ಜಗಳ ಬಿಟ್ಟು ಪ್ರಶ್ನೆಯನ್ನು ತಿರುವಿ ಕೇಳಿದೆ: ಮಷಿನ್ ಕೊನೆಗೆ ಎಷ್ಟಕ್ಕೆ ಹೋದರೆ ಎರಡೂ ಸರಿಸಮ? ಶೇ. 8ರಲ್ಲಿ ಉತ್ತರ 11.1 ಲಕ್ಷ, ಆ ಸಾಲಿಗೆ ಶೇ. 14 ಹಾಕಿದರೆ 15.5 ಲಕ್ಷ. ಈ ಎರಡು ಅಂಕಿ ಕೈಗೆ ಬಂದ ಮೇಲೆ ಹಳೆ ಮಷಿನ್ ಮಾರುವವರ ಜತೆ ಮಾತಾಡುವುದು ಸುಲಭ. "ಐದು ವರ್ಷದ ಮಷಿನ್ ಎಷ್ಟಕ್ಕೆ ಹೋಗತೈತಿ?" ಎಂದರೆ ಯಾರೂ ನೇರ ಹೇಳುವುದಿಲ್ಲ. "ಹನ್ನೊಂದಕ್ಕ ಕೊಟ್ರ ಈಗ ತಗೋತೀರೇನು?" ಎಂದರೆ ಹೌದು, ಇಲ್ಲ ಎರಡರಲ್ಲಿ ಒಂದು ಬರುತ್ತದೆ. ಸ್ಪಿಂಡಲ್ ಎಷ್ಟು ಗಂಟೆ ಓಡಿದೆ, ಕಂಟ್ರೋಲರ್ ಯಾವ ಕಂಪನಿಯದು ಎಂದು ಕೇಳಿಕೊಂಡು, ಇದೇ ಸೈಜಿನದಕ್ಕೆ 12ರಿಂದ 14 ಎಂದರು. ನಾನು ಕೆಳಗಿನ 12ನ್ನೇ ಹಿಡಿದು ಶೇ. 8ರಲ್ಲಿ ಇಳಿಸಿದೆ. ಅಪಾಯವನ್ನು ಅಂಕಿಯಲ್ಲೇ ಕಳೆದ ಮೇಲೆ ದರದಲ್ಲಿ ಇನ್ನೊಮ್ಮೆ ಕಳೆಯಬಾರದು. ಹೊರೆ 26.61 ಲಕ್ಷ. ಖರೀದಿ 49 ಸಾವಿರದಷ್ಟು ಮುಂದೆ, ಅಂದರೆ ಸರಿಸುಮಾರು ಸಮಬಲ.

ಸಮಬಲ ಎಂದಾಗ ಮಾಲೀಕರು ಮತ್ತೆ ಲೀಸ್ ಕಡೆ ವಾಲಿದರು: "ಹಂಗಾದ್ರ ಬ್ಯಾಂಕ್ ಲಿಮಿಟ್ ಉಳಿತೈತಲ್ರಿ." ನಾನು ಒಪ್ಪಲಿಲ್ಲ. ಐದು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿದ ಮೇಲೆ, ಮುಂದಿನ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಅದನ್ನು ಕಂತಿನಂತೆಯೇ ನೋಡುತ್ತಾರೆ. ಸಾಲದ ದರವನ್ನೇ ಅಳತೆಗೋಲು ಮಾಡಿದ್ದೂ ಇದಕ್ಕೇ. ತೀರ್ಮಾನ ಮಾಡಿದ್ದು ಬೇರೆಯೇ ವಿಷಯ. ಈ ಶೆಡ್‌ನಲ್ಲಿ ಯಾವ ಮಷಿನ್ನೂ ಐದು ವರ್ಷಕ್ಕೆ ಹೊರಗೆ ಹೋದದ್ದಿಲ್ಲ, ಬಿಡಿಭಾಗವನ್ನು ಹಿಡಿದಿಡುವ ಫಿಕ್ಸ್ಚರ್‌ಗಳೆಲ್ಲ ಆ ಮಷಿನ್‌ಗೇ ಹೊಂದಿಕೊಂಡಿರುತ್ತವೆ. ಲೀಸ್ ಮುಗಿದ ದಿನ ವಾಪಸ್ ಕೊಟ್ಟು ಅಂಥದ್ದೇ ಇನ್ನೊಂದನ್ನು ಹುಡುಕಬೇಕಾಗುತ್ತಿತ್ತು. ಖರೀದಿ ಎಂದಾಯಿತು.

ಪಕ್ಕದ ಪಾಲುದಾರಿಕೆ ಸಂಸ್ಥೆಯವರು ಇದೇ ಶೀಟ್ ಕೇಳಿದರು, ಹಾಗೇ ಕೊಡಲಿಲ್ಲ. ಅವರ ತೆರಿಗೆ ಶೇ. 31.2, ಜತೆಗೆ ತಯಾರಕರಿಗೆ ಮೊದಲ ವರ್ಷ ಸಿಗುವ ಶೇ. 20ರ ಹೆಚ್ಚುವರಿ ಸವಕಳಿ ಅವರಿಗಿದೆ. ಶೇ. 22ರ ದರ ಆರಿಸಿಕೊಂಡ ಕಂಪನಿಗೆ ಅದಿಲ್ಲ. ಅವರಿಗೆ ಮೊದಲ ವರ್ಷವೇ 14 ಲಕ್ಷ ಸವಕಳಿ, ಡಿಸ್ಕೌಂಟ್ ದರವೂ ಶೇ. 7.4ಕ್ಕೆ ಇಳಿಯುತ್ತದೆ. ನಷ್ಟದಲ್ಲಿರುವ ಘಟಕಕ್ಕೆ ಎಲ್ಲ ಉಲ್ಟಾ. ಉಳಿಸಲು ತೆರಿಗೆಯೇ ಇಲ್ಲದಾಗ ದರ 10.7 ಆಗಿಯೇ ನಿಲ್ಲುತ್ತದೆ, ಸವಕಳಿಯ ಲಾಭ ಪಡೆಯುವ ಲೀಸ್ ಕಂಪನಿ ಅದರಲ್ಲಿ ಒಂದಿಷ್ಟನ್ನು ಬಾಡಿಗೆಯಲ್ಲಿ ಬಿಟ್ಟುಕೊಟ್ಟರೆ ಅಲ್ಲಿ ಲೀಸ್ ಗೆಲ್ಲುತ್ತದೆ. ಲೀಸ್ ಕೊಟ್ಟವರೇ ಮಾಲೀಕರು, ಸವಕಳಿ ಅವರದೇ ಎಂಬುದನ್ನು 2013ರಲ್ಲಿ ಮಣಿಪಾಲದ ಐ.ಸಿ.ಡಿ.ಎಸ್. ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೆ ಕರಾರಿನ ಕೊನೆ ಪುಟದಲ್ಲಿ "ಅವಧಿ ಮುಗಿದ ಮೇಲೆ ನಾಮಮಾತ್ರ ಬೆಲೆಗೆ ಮಷಿನ್ ನಿಮ್ಮದು" ಎಂದಿದ್ದರೆ ಅದು ಲೀಸ್ ಅಲ್ಲ, ಕಂತಿನ ಖರೀದಿ ಎನ್ನುವ ತಕರಾರು ಬರಬಹುದು, ಆಗ ಬಾಡಿಗೆ ಪೂರ್ತಿ ಖರ್ಚಿಗೆ ಬರುತ್ತದೆಂಬ ಭರವಸೆ ಇರುವುದಿಲ್ಲ.

ನಮ್ಮ ಖರೀದಿ ಆದೇಶದಲ್ಲಿ ಒಂದು ಸಾಲು ಹಟ ಹಿಡಿದು ಸೇರಿಸಿದೆ. ಸವಕಳಿಗೆ ಬಿಲ್ ತಾರೀಖು ಮುಖ್ಯವಲ್ಲ, ಮಷಿನ್ ಕೆಲಸಕ್ಕೆ ಬಿದ್ದ ದಿನ ಮುಖ್ಯ. ಆ ವರ್ಷ 180 ದಿನಕ್ಕಿಂತ ಕಡಿಮೆ ಓಡಿದರೆ ಮೊದಲ ವರ್ಷ ಸವಕಳಿ ಅರ್ಧ, ಇವತ್ತಿನ ಬೆಲೆಯಲ್ಲಿ ಸುಮಾರು 24 ಸಾವಿರ ಹೋಗುತ್ತದೆ. ನಮ್ಮ 49 ಸಾವಿರದ ಅಂತರದಲ್ಲಿ ಅರ್ಧ. ಅದಕ್ಕೇ ಮಷಿನ್ ಸೆಪ್ಟೆಂಬರ್‌ ಒಳಗೆ ಕೂರಿಸಿ, ಟ್ರಯಲ್ ಪೀಸ್ ತೆಗೆದು ತೋರಿಸಿದ ಮೇಲೆಯೇ ಕೊನೆಯ ಹಣ ಎಂದು ಬರೆಸಿದೆವು.