ಮೂಲೆಯ ಲೋಗೋ ಹಿಡಿದು ಬ್ಲೌಸಿನ ಬೆನ್ನು ಹುಡುಕಿದ್ದು

ಬೆಟಗೇರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮೊದಲೆಲ್ಲ ಬ್ಲೌಸ್ ಹೊಲಿಸಲು ಬರುವವರು ಅಳತೆಗೆ ಹಳೆಯ ಬ್ಲೌಸೊಂದನ್ನು ತರುತ್ತಿದ್ದರು. ಈಗ ಅದರ ಜೊತೆಗೆ ಮೊಬೈಲನ್ನೂ ಮುಂದೆ ಹಿಡಿಯುತ್ತಾರೆ. "ಅಕ್ಕಾ, ಇಂಥದ್ದೇ ಬೆನ್ನು ಬೇಕು" ಎನ್ನುತ್ತಾರೆ. ಫೋಟೊ ನೋಡಿದರೆ ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿರುವಾಗ ಸೋಫಾದಿಂದಲೇ ತೆಗೆದದ್ದು. ನಾಯಕಿ ಬೆನ್ನು ತಿರುಗಿಸಿ ನಿಂತಿರುತ್ತಾಳೆ, ಮುಖ ಕಾಣುವುದಿಲ್ಲ, ಅರ್ಧ ಬೆನ್ನನ್ನು ಜಡೆ ಮುಚ್ಚಿರುತ್ತದೆ. ಅದನ್ನೇ ನೋಡಿ ಕತ್ತರಿಸಿದರೆ ಬಟ್ಟೆ ಹಾಳು. ಸ್ಪಷ್ಟವಾದ ಚಿತ್ರ ಬೇಕೆಂದರೆ ಅದು ಯಾವ ಧಾರಾವಾಹಿ, ಅವಳು ಯಾವ ಪಾತ್ರ ಎಂಬುದು ಮೊದಲು ಗೊತ್ತಾಗಬೇಕು. ಹಾಗಾಗಿ ಹೊಲಿಗೆಯ ಜೊತೆಗೆ ಈ ವಿದ್ಯೆಯನ್ನೂ ಕಲಿಯಬೇಕಾಯಿತು.

ನಾನು ಸರಿಯಾಗಿ ಪಾಠ ಕಲಿತದ್ದು ಲಕ್ಕುಂಡಿಯಿಂದ ಬಂದ ಒಬ್ಬ ಗಿರಾಕಿಯಿಂದ. ಅವರ ಮಗಳ ಸೀಮಂತವಿತ್ತು. ಹಳೆಯ ಫೋನಿನಿಂದ ಹೊಸ ಫೋನಿಗೆ, ಅಲ್ಲಿಂದ ಇನ್ನೊಂದಕ್ಕೆ ದಾಟಿಸಿಕೊಂಡು ಬಂದ ಒಂದು ಫೋಟೊ ತೋರಿಸಿದರು. ಡಬ್ಬಿ ಟಿವಿಯ ಪರದೆ, ಅದರ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟೆ. ಕನ್ನಡಿಯ ಮುಂದೆ ನಿಂತ ಹೆಣ್ಣು. ಬೆನ್ನು ಪೂರ್ತಿ ಕಾಣುತ್ತಿತ್ತು, ಮುಖ ಮಾತ್ರ ಕನ್ನಡಿಯಲ್ಲಿ ಅರ್ಧ. ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಲಕ್ಷ್ಮೀ ಬಾರಮ್ಮ'.

"ಹೆಸರೇ ಇದೆಯಲ್ಲ, ಇದಕ್ಕೇನು ಹುಡುಕುವುದು" ಎಂದುಕೊಂಡೆ. ಆ ಹೆಸರು ಹಾಕಿ ಹುಡುಕಿದೆ. ಕಲರ್ಸ್ ಕನ್ನಡದ ಲಕ್ಷ್ಮಿ, ವೈಷ್ಣವ್, ಕೀರ್ತಿ ಸಾಲುಸಾಲಾಗಿ ಬಂದರು. ಲಕ್ಷ್ಮಿ ಪಾತ್ರದ ಭೂಮಿಕಾ ರಮೇಶ್ ಅವರ ಚಿತ್ರಗಳನ್ನು ತೋರಿಸಿದೆ. ಆಕೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇವಳಲ್ಲವ್ವಾ. ಇವಳು ಈಗಿನ ಹುಡುಗಿ. ನಾನು ಹೇಳಿದ್ದು ನಮ್ಮ ಮನೆಯಲ್ಲಿ ಹಳೆಯ ಟಿವಿ ಇದ್ದ ಕಾಲದ್ದು" ಎಂದರು.

ಆಗ ನಾನು ನೋಡಬೇಕಾದದ್ದನ್ನು ನೋಡಿದೆ. ಫೋಟೊದ ಮೇಲಿನ ಮೂಲೆಯನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಬೆಳಕು ಸ್ವಲ್ಪ ತಗ್ಗಿಸಿದೆ. ಲೋಗೋ ಬೆಳ್ಳಗೆ ಹೊಳೆಯುತ್ತಿದ್ದರೆ ಬೆಳಕು ತಗ್ಗಿಸಿದಾಗಲೇ ಅಂಚು ಕಾಣಿಸುವುದು. ಹೆಚ್ಚಿಸಿದರೆ ಹಿಂದಿನ ಗೋಡೆಯೊಂದಿಗೆ ಸೇರಿಹೋಗುತ್ತದೆ. ಡಬ್ಬಿ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗಿಬಿಡುತ್ತವೆ, ಹಾಗಾಗಿ ಲೋಗೋದ ಒಂದು ಬದಿ ಇರಲೇ ಇಲ್ಲ. ಆದರೂ ಉಳಿದ ಭಾಗದಲ್ಲಿ ಈಟಿವಿಯ ಗುರುತು ಕಾಣಿಸಿತು.

ಈಟಿವಿ ಎಂದ ಮಾತ್ರಕ್ಕೆ ಹಳೆಯದು ಎಂದು ತೀರ್ಮಾನಿಸುವಂತಿಲ್ಲ. ತೆಲುಗಿನ ಈಟಿವಿ ಇವತ್ತಿಗೂ ಅದೇ ಹೆಸರಿನಲ್ಲಿದೆ, ನಮ್ಮ ಕಡೆ ಅದನ್ನು ನೋಡುವವರೂ ಇದ್ದಾರೆ. ಮಸುಕಾದ ಫೋಟೊದಲ್ಲಿ ಕನ್ನಡ, ತೆಲುಗು ಅಕ್ಷರಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ನಾನು ತಲೆಕಟ್ಟು ನೋಡುತ್ತೇನೆ. ತೆಲುಗಿನದ್ದು ಮೇಷ್ಟ್ರು ಸರಿ ಗುರುತು ಹಾಕಿದ ಹಾಗೆ ಓರೆಯಾಗಿ ಏಳುತ್ತದೆ. ಕನ್ನಡದ್ದು ಅಡ್ಡಕ್ಕೆ ಮಲಗಿ ಬಲತುದಿಯಲ್ಲಿ ಸ್ವಲ್ಪ ಬಾಗುತ್ತದೆ. ಇಲ್ಲಿ ಧಾರಾವಾಹಿಯ ಹೆಸರು ಕನ್ನಡದಲ್ಲೇ ಇತ್ತು, ಅನುಮಾನ ಉಳಿಯಲಿಲ್ಲ.

ಈಟಿವಿ ಕನ್ನಡ ವಾಹಿನಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡದ್ದು 2015ರ ಏಪ್ರಿಲ್‌ನಲ್ಲಿ. ಅಂದರೆ ಈ ದೃಶ್ಯ ಅದಕ್ಕಿಂತ ಮುಂಚಿನದು. ಲಕ್ಷ್ಮೀ ಬಾರಮ್ಮ ಎಂಬ ಹೆಸರಿನ ಧಾರಾವಾಹಿ ಎರಡು ಬಾರಿ ಬಂದಿದೆ: ಮೊದಲನೆಯದು 2013ರಲ್ಲಿ ಶುರುವಾಗಿ 2020ರವರೆಗೆ ನಡೆಯಿತು, ಎರಡನೆಯದು 2023ರಲ್ಲಿ ಶುರುವಾಯಿತು. ಕಥೆ ಬೇರೆ, ಜನ ಬೇರೆ. ನಾನು ತೋರಿಸಿದ್ದು ಎರಡನೆಯದು, ಅವರು ಕೇಳಿದ್ದು ಮೊದಲನೆಯದು. ಏಳು ವರ್ಷ ನಡೆದ ಧಾರಾವಾಹಿಯಲ್ಲಿ ಹುಡುಕಬೇಕಾದದ್ದು ಮೊದಲ ಎರಡು ವರ್ಷಕ್ಕೆ ಇಳಿಯಿತು.

ಈ ಎರಡು ವರ್ಷದ ಗಡಿಯಿಂದ ಇನ್ನೊಂದು ಲಾಭವಾಯಿತು. ಉದ್ದ ನಡೆಯುವ ಧಾರಾವಾಹಿಗಳಲ್ಲಿ ಪಾತ್ರ ಅದೇ ಇರುತ್ತದೆ, ಕಲಾವಿದರು ಬದಲಾಗುತ್ತಾರೆ. ಮೊದಲ ಲಕ್ಷ್ಮೀ ಬಾರಮ್ಮದಲ್ಲಿ ಲಕ್ಷ್ಮಿಯನ್ನು ಎಲ್ಲರೂ ಚಿನ್ನು ಎಂದು ಕರೆಯುತ್ತಿದ್ದರು. ಆ ಪಾತ್ರವನ್ನು ಮೊದಲು ಕವಿತಾ ಗೌಡ, ಅವರು ಬಿಟ್ಟ ಮೇಲೆ ರಶ್ಮಿ ಪ್ರಭಾಕರ್ ಮಾಡಿದರು. ಬರೀ 'ಚಿನ್ನು' ಎಂದು ಹುಡುಕಿದರೆ ಇಬ್ಬರೂ ಬರುತ್ತಾರೆ. ಮೂಲೆಯಲ್ಲಿ ಈಟಿವಿ ಇದ್ದರೆ ಕವಿತಾ ಗೌಡ ಅವರ ಕಾಲ, ರಶ್ಮಿ ಅವರ ಚಿತ್ರಗಳನ್ನು ಮುಟ್ಟುವುದೇ ಬೇಡ.

ಕವಿತಾ ಗೌಡ ಅವರ ಚಿತ್ರಗಳ ಪಕ್ಕದಲ್ಲಿ ನಮ್ಮ ಕನ್ನಡಿಯ ಅರ್ಧ ಮುಖವನ್ನು ಇಟ್ಟು ನೋಡಿದೆ. ಹೊಂದಲಿಲ್ಲ. ಗಲ್ಲದ ಗೆರೆಯೇ ಬೇರೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ನನ್ನ ದಡ್ಡತನ ತಿಳಿಯಿತು. ಮೂಲೆಯ ಹೆಸರು ಧಾರಾವಾಹಿಯದು, ಫೋಟೊದಲ್ಲಿ ನಿಂತವಳದ್ದಲ್ಲ. ಆ ಮನೆಯಲ್ಲಿ ಗೊಂಬೆ ಎಂಬ ಇನ್ನೊಬ್ಬಳಿದ್ದಳು, ನೇಹಾ ಗೌಡ ಮಾಡಿದ ಪಾತ್ರ. 'ಲಕ್ಷ್ಮೀ ಬಾರಮ್ಮ ಗೊಂಬೆ' ಎಂದು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿದೆ. ಗಲ್ಲ, ಕಿವಿ, ಹಣೆಯ ಅಂಚು ಎಲ್ಲ ಕೂಡಿಬಂತು. ಗಿರಾಕಿಗೆ ತೋರಿಸಿದ ಕೂಡಲೇ, "ಹೌದವ್ವಾ, ಗೊಂಬೆ! ಹೆಸರು ನಾಲಿಗೆಯ ತುದಿಯಲ್ಲೇ ಇತ್ತು" ಎಂದು ನಕ್ಕರು. ಆ ನಾಲಿಗೆಯ ತುದಿ ನನ್ನ ಒಂದು ಮಧ್ಯಾಹ್ನವನ್ನು ತಿಂದಿತ್ತು.

ಲೋಗೋದಿಂದ ಕಾಲ ಹೇಳುವಾಗ ಒಂದು ಎಚ್ಚರ ಬೇಕು, ಇದು ಒಂದೇ ದಿಕ್ಕಿನಲ್ಲಿ ನಡೆಯುವ ಲೆಕ್ಕ. ಹಳೆಯ ಲೋಗೋ ಇದ್ದರೆ ದೃಶ್ಯ ಆ ಕಾಲದ್ದು ಅಥವಾ ಅದಕ್ಕೂ ಹಿಂದಿನದು. ಹೊಸ ಲೋಗೋ ಇದ್ದರೆ ಮಾತ್ರ ಏನೂ ಹೇಳಲು ಬರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ವಾಹಿನಿಗಳು ಹಳೆಯ ಧಾರಾವಾಹಿಗಳನ್ನೇ ಮತ್ತೆ ಹಾಕಿದವು. ಆಗ ಮೂಲೆಯಲ್ಲಿ ಇದ್ದದ್ದು ಅಂದಿನ ಲೋಗೋ, ಒಳಗಿದ್ದದ್ದು ಹಳೆಯ ಬ್ಲೌಸು. ಅದೇ ವರ್ಷ ಹಿಂದಿಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದವು. ಸ್ಟಾರ್ ಸುವರ್ಣದಲ್ಲಿ ಮಹಾಭಾರತ, ಜೀ ಕನ್ನಡದಲ್ಲಿ ಅಂಬೇಡ್ಕರ್ ಅವರ ಬದುಕಿನ ಮಹಾನಾಯಕ ಬಂದವು. ಅಂಥವುಗಳಲ್ಲಿ ಲೋಗೋ ಕನ್ನಡದ್ದೇ ಇದ್ದರೂ ಕಲಾವಿದರ ಚಿತ್ರ ಬೇಕಾದರೆ ಹಿಂದಿಯ ಹೆಸರಿನಲ್ಲಿ ಹುಡುಕಬೇಕು.

ಕೆಳಗಿನ ಪಟ್ಟಿಗಳಿಂದ ನಾನು ಮೋಸ ಹೋದದ್ದು ಇದಕ್ಕಿಂತ ಹೆಚ್ಚು ಸಲ. ಒಮ್ಮೆ ಫೋಟೊದ ಕೆಳಗೆ ದೊಡ್ಡದಾಗಿ ಒಂದು ಧಾರಾವಾಹಿಯ ಹೆಸರು, ಪಕ್ಕದಲ್ಲಿ ಒಬ್ಬಳ ಮುಖ ಇತ್ತು. ಎರಡು ದಿನ ಆ ಧಾರಾವಾಹಿಯನ್ನೇ ಜಾಲಾಡಿದೆ. ಅದು ಮುಂದೆ ಬರಲಿರುವ ಧಾರಾವಾಹಿಯ ಜಾಹೀರಾತಾಗಿತ್ತು. ಈಗ ಮೊದಲು ಪಟ್ಟಿಯಲ್ಲಿ ಗಂಟೆ ಬರೆದಿದೆಯೇ ಎಂದು ನೋಡುತ್ತೇನೆ. 'ಇಂದು ರಾತ್ರಿ 9ಕ್ಕೆ' ಎಂದಿದ್ದರೆ ಅದು ಬೇರೊಂದರ ಕರೆಯೋಲೆ. ನಡೆಯುತ್ತಿರುವ ಧಾರಾವಾಹಿಯ ಹೆಸರು ಚಿಕ್ಕದಾಗಿ, ಸದ್ದಿಲ್ಲದೆ ಮೂಲೆಯಲ್ಲಿ ಕೂತಿರುತ್ತದೆ. ಮನೆಯವರೇ ಆದವರು ತಮ್ಮ ಹೆಸರನ್ನು ಕೂಗಿ ಹೇಳುವುದಿಲ್ಲ, ಹಾಗೆ.

ಕೆಲವು ಫೋಟೊಗಳಲ್ಲಿ ನಟ್ಟನಡುವೆ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಒಮ್ಮೆ ಅದನ್ನೂ ಹಾಕಿ ಹುಡುಕಿದ್ದೇನೆ, ನಗಬೇಡಿ. ಅದು ಆ ಮನೆಯ ಸೆಟ್‌ಟಾಪ್ ಬಾಕ್ಸಿನ ಗುರುತು. ಯಾರಾದರೂ ಕದ್ದು ಮುದ್ರಿಸಿ ಹಂಚಿದರೆ ಯಾವ ಬಾಕ್ಸಿನಿಂದ ಎಂದು ತಿಳಿಯಲು ಆಗಾಗ ಮೂಡಿಸುತ್ತಾರೆ. ಧಾರಾವಾಹಿಗೂ ಅದಕ್ಕೂ ಸಂಬಂಧವಿಲ್ಲ.

ಲೋಗೋ ನನಗೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ಇದು ದರ್ಜಿಗಳಿಗೆ ಮಾತ್ರ ಬೇಕಾದದ್ದಿರಬಹುದು. ಹಳೆಯ ಚೌಕ ಚಿತ್ರವನ್ನು ಈಗಿನ ಅಗಲ ಟಿವಿಯ ತುಂಬ ಎಳೆದು ಹಾಕಿದರೆ ಎಲ್ಲವೂ ಮೂರನೇ ಒಂದು ಭಾಗ ಅಗಲವಾಗುತ್ತದೆ. ಆರು ಇಂಚಿನ ಕುತ್ತಿಗೆ ಎಂಟು ಇಂಚಿನಂತೆ ಕಾಣುತ್ತದೆ. ಮೈ ನೋಡಿ ಇದು ತಿಳಿಯುವುದಿಲ್ಲ, ದಪ್ಪಗಿದ್ದಾಳೆ ಎಂದುಕೊಳ್ಳುತ್ತೇವೆ. ಮೂಲೆಯ ಗುರುತಿನಲ್ಲಿ ದುಂಡಗಿನ ಭಾಗ ಯಾವುದಾದರೂ ಇದ್ದು ಅದು ಮೊಟ್ಟೆಯಂತೆ ಕಂಡರೆ ಚಿತ್ರವನ್ನು ಎಳೆದಿದ್ದಾರೆ ಎಂದೇ ಅರ್ಥ. ಕೆಲವರು ಕದ್ದು ಹಾಕುವ ತುಣುಕುಗಳಲ್ಲಿ ಚಿತ್ರವನ್ನೇ ಎಡಬಲ ತಿರುಗಿಸಿ, ಲೋಗೋ ಇದ್ದ ಜಾಗವನ್ನು ಮಸುಕು ಮಾಡಿರುತ್ತಾರೆ. ಅಂಥದ್ದೊಂದನ್ನು ನಂಬಿ, ಒಂದೇ ಭುಜದ ಮೇಲೆ ಬರಬೇಕಾದ ಗೊಂಡೆಯನ್ನು ತಪ್ಪು ಭುಜಕ್ಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದಿದ್ದೇನೆ. ಮೂಲೆಯಲ್ಲಿ ಮಸುಕು ಕಂಡರೆ ಈಗ ಸೆರಗು ನೋಡುತ್ತೇನೆ. ಸಾಮಾನ್ಯ ಉಡುಗೆಯಲ್ಲಿ ಸೆರಗು ಎಡಭುಜದ ಮೇಲಿರಬೇಕು. ಫೋಟೊದಲ್ಲಿರುವ ಎಲ್ಲ ಹೆಂಗಸರ ಸೆರಗೂ ಬಲಭುಜದ ಮೇಲೆ ಬಿದ್ದಿದ್ದರೆ ಚಿತ್ರ ತಿರುಗಿದೆ.

ಲಕ್ಕುಂಡಿಯವರ ಬ್ಲೌಸಿಗೆ ಮರಳುತ್ತೇನೆ. ಪಾತ್ರ ಸಿಕ್ಕಿತು, ಕಲಾವಿದೆ ಸಿಕ್ಕರು, ಆದರೆ ಆ ಕನ್ನಡಿಯ ದೃಶ್ಯದ ಕಂತು ಕೊನೆಗೂ ಸಿಗಲಿಲ್ಲ. ದಿನಕ್ಕೊಂದರಂತೆ ಎರಡು ವರ್ಷವೆಂದರೆ ನೂರಾರು ಕಂತು, ಬ್ಲೌಸಿನ ಬಣ್ಣವನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಗೊಂಬೆಯ ಬೇರೆ ಚಿತ್ರಗಳಲ್ಲಿ ಅದೇ ಬಗೆಯ ಬೆನ್ನು ಇನ್ನೂ ಎರಡು ಕಡೆ ಸಿಕ್ಕಿತು. ಲಾಡಿ ಎಲ್ಲಿಂದ ಶುರುವಾಗುತ್ತದೆ, ಗೊಂಡೆ ಎಷ್ಟು ಕೆಳಗೆ ಇಳಿಯುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಿತ್ತು. ಮುಂದಿನ ಕುತ್ತಿಗೆ ಒಂದರಲ್ಲೂ ಕಾಣಲಿಲ್ಲ, ಸೆರಗು ಮುಚ್ಚಿತ್ತು. "ಹಿಂದಿನದು ಗೊಂಬೆಯದು ಹೊಲಿಯುತ್ತೇನೆ, ಮುಂದಿನದು ನೀವೇ ಹೇಳಬೇಕು" ಎಂದೆ.

"ಮುಂದೆ ನನ್ನ ಮಗಳದ್ದೇ ಇರಲಿ ಬಿಡವ್ವಾ" ಎಂದು ಹೇಳಿ, ಚೀಲದಿಂದ ಗುಳೇದಗುಡ್ಡದ ಖಣ ತೆಗೆದು ಮೇಜಿನ ಮೇಲೆ ಹರವಿದರು.