ಸ್ತಂಭ ನಕ್ಷೆ, ಪಕ್ಕದಲ್ಲೊಂದು ಪ್ಯಾರಾ: ಎರಡನ್ನೂ ಕೂಡಿಸಿ ಓದುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ಒಂದು ಬಾರ್ ಗ್ರಾಫ್, ಅದರ ಜೊತೆ ನಾಲ್ಕೈದು ಸಾಲಿನ ಪ್ಯಾರಾ, ಕೆಳಗೆ ಐದು ಪ್ರಶ್ನೆ. ಇಂಥದ್ದು ಬಂದಾಗ ಲೆಕ್ಕದಲ್ಲಿ ಚುರುಕಾಗಿರುವವರೇ ಜಾಸ್ತಿ ಅಂಕ ಕಳೆದುಕೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅವರಿಗೆ ಕಂಬಗಳು ಕಂಡ ಕೂಡಲೇ ಕೈ ಲೆಕ್ಕಕ್ಕೆ ಹೋಗುತ್ತದೆ. ಪ್ಯಾರಾವನ್ನು ಮೇಲಿಂದ ಮೇಲೆ ನೋಡಿ ಬಿಟ್ಟುಬಿಡುತ್ತಾರೆ. ಲೆಕ್ಕ ಸರಿ ಇರುತ್ತದೆ, ಉತ್ತರ ತಪ್ಪಾಗಿರುತ್ತದೆ.

ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ನೋಡೋಣ. ಕರ್ನಾಟಕದ ಸಾಕ್ಷರತೆಯ ಜನಗಣತಿ ಅಂಕಿಗಳಿವು. ಹತ್ತಿರದ ಪೂರ್ಣಸಂಖ್ಯೆಗೆ ತಂದಿದ್ದೇನೆ. ಒಂದು ಹಾಳೆ ತೆಗೆದುಕೊಂಡು ನೀವೇ ನಕ್ಷೆ ಬರೆದುಕೊಳ್ಳಿ. ಅಡ್ಡ ಗೆರೆಯ ಮೇಲೆ 1991, 2001, 2011. ಪ್ರತಿ ವರ್ಷಕ್ಕೂ ಎರಡು ಕಂಬ, ಎಡಗಡೆಯದು ಪುರುಷರದ್ದು, ಬಲಗಡೆಯದು ಮಹಿಳೆಯರದ್ದು. 1991ರಲ್ಲಿ ಪುರುಷರು 67, ಮಹಿಳೆಯರು 44. 2001ರಲ್ಲಿ 76 ಮತ್ತು 57. 2011ರಲ್ಲಿ 82 ಮತ್ತು 68. ಎಲ್ಲವೂ ಶೇಕಡಾ. ಲಂಬ ಗೆರೆಯನ್ನು ಮಾತ್ರ ಸೊನ್ನೆಯಿಂದ ಬೇಡ, 40ರಿಂದ ಶುರು ಮಾಡಿ. ಕಾರಣ ಆಮೇಲೆ ಹೇಳುತ್ತೇನೆ.

ಪ್ಯಾರಾ ಹೀಗಿದೆ: "ಯಾವುದಾದರೂ ಒಂದು ಭಾಷೆಯಲ್ಲಿ ಓದಿ, ಅರ್ಥ ಮಾಡಿಕೊಂಡು, ಬರೆಯಬಲ್ಲವರನ್ನು ಜನಗಣತಿ ಸಾಕ್ಷರರೆಂದು ಪರಿಗಣಿಸುತ್ತದೆ. ಸಾಕ್ಷರತಾ ಪ್ರಮಾಣವನ್ನು ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನವರಲ್ಲಿ ಮಾತ್ರ ಲೆಕ್ಕ ಹಾಕಲಾಗಿದೆ. 2011ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಇವರಲ್ಲಿ ಆರು ವರ್ಷದವರೆಗಿನ ಮಕ್ಕಳು ಸುಮಾರು 72 ಲಕ್ಷ. ಆ ವರ್ಷ ರಾಜ್ಯದ ಒಟ್ಟಾರೆ ಸಾಕ್ಷರತೆ ಶೇ 75.4."

ಮೊದಲ ಹೆಜ್ಜೆ: ಕಂಬ ಬಿಟ್ಟು ಅದರ ಸುತ್ತ ಇರುವುದನ್ನು ಓದಿ

ತಲೆಬರಹ, ಎರಡು ಗೆರೆಗಳ ಹೆಸರು, ಯಾವ ಬಣ್ಣ ಯಾರದ್ದು ಎನ್ನುವ ಸೂಚಿ, ಅಂಕಿ ಶೇಕಡಾದಲ್ಲಿದೆಯೋ ಲಕ್ಷದಲ್ಲಿದೆಯೋ. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಮೊದಲು ಪ್ರಶ್ನೆ ಓದಿ, ಆಮೇಲೆ ನಕ್ಷೆ ನೋಡಿ, ಸಮಯ ಉಳಿಯುತ್ತದೆ ಎಂದು ಹಲವರು ಹೇಳಿಕೊಡುತ್ತಾರೆ. ನಾನು ಖಂಡಿತ ಹಾಗೆ ಹೇಳುವುದಿಲ್ಲ. ಪ್ರಶ್ನೆ ಮೊದಲು ತಲೆಗೆ ಹೋದರೆ ಕಣ್ಣು ಆ ಒಂದು ಕಂಬವನ್ನಷ್ಟೇ ಹುಡುಕುತ್ತದೆ. ಪ್ಯಾರಾದ "ಮಾತ್ರ" ಎಂಬ ಪದ ಕಣ್ಣಿಗೇ ಬೀಳುವುದಿಲ್ಲ. ನಕ್ಷೆಯ ಹೆಸರುಗಳು, ಆಮೇಲೆ ಪ್ಯಾರಾ, ಆಮೇಲೆ ಪ್ರಶ್ನೆ. ಈ ಕ್ರಮ ಬಿಡಬೇಡಿ.

ಎರಡನೆಯದು: ಲಂಬ ಗೆರೆ ಎಲ್ಲಿಂದ ಶುರು?

ಈಗ ನೀವು ಬರೆದ ನಕ್ಷೆ ನೋಡಿ. 1991ರಲ್ಲಿ ಮಹಿಳೆಯರ ಕಂಬ 40ರಿಂದ 44ರವರೆಗೆ, ಅಂದರೆ ನಾಲ್ಕು ಮನೆ ಎತ್ತರ. ಪುರುಷರದ್ದು 40ರಿಂದ 67ರವರೆಗೆ, ಇಪ್ಪತ್ತೇಳು ಮನೆ. ಕಣ್ಣಿಗೆ ಪುರುಷರ ಸಾಕ್ಷರತೆ ಏಳು ಪಟ್ಟು ಹತ್ತಿರ ಕಾಣುತ್ತದೆ, ಅಲ್ವಾ? ಅಂಕಿ ಇಟ್ಟು ನೋಡಿದರೆ 67 ಎಂಬುದು 44ರ ಒಂದೂವರೆ ಪಟ್ಟು ಅಷ್ಟೇ. ಗೆರೆ ಸೊನ್ನೆಯಿಂದ ಶುರುವಾಗದಿದ್ದರೆ ಕಂಬದ ಎತ್ತರ ನೋಡಿ "ಎಷ್ಟು ಪಟ್ಟು" ಎಂದು ಹೇಳಲೇಬಾರದು. ಅಂಕಿ ಓದಿ ಭಾಗಿಸಬೇಕು. "ಎಷ್ಟು ಹೆಚ್ಚು" ಎಂಬ ವ್ಯತ್ಯಾಸವನ್ನಾದರೆ ಇಂಥ ನಕ್ಷೆಯಲ್ಲೂ ಧೈರ್ಯವಾಗಿ ಅಳೆಯಬಹುದು.

ಕಂಬದ ತಲೆ ಮೇಲೆ ಅಂಕಿ ಬರೆದಿಲ್ಲದಿದ್ದರೆ ಸ್ಕೇಲ್ ಅನ್ನು ಅಡ್ಡ ಇಟ್ಟು ಲಂಬ ಗೆರೆಯವರೆಗೆ ಎಳೆದು ಓದಿ. ಬರಿಗಣ್ಣಿನಲ್ಲಿ ಅಂದಾಜು ಮಾಡಿದರೆ ಬಲಗಡೆಯ ತುದಿಯ ಕಂಬಗಳಲ್ಲಿ ಎರಡು ಮೂರು ಅಂಕಿ ಹೆಚ್ಚುಕಡಿಮೆ ಆಗಿಬಿಡುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅಗ್ಗದ ಗೈಡುಗಳನ್ನು ಈ ಅಭ್ಯಾಸಕ್ಕೆ ತೆಗೆದುಕೊಳ್ಳಬೇಡಿ. ಬಣ್ಣದ ನಕ್ಷೆಯನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ, ಎರಡೂ ಕಂಬ ಒಂದೇ ಬೂದು ಬಣ್ಣ ಆಗಿರುತ್ತದೆ. ಯಾವುದು ಪುರುಷರದ್ದು, ಯಾವುದು ಮಹಿಳೆಯರದ್ದು ಗೊತ್ತೇ ಆಗುವುದಿಲ್ಲ. ಮೊಬೈಲಿನಲ್ಲಿ ಓಡಾಡುವ ಜೆರಾಕ್ಸ್ ಪ್ರತಿಗಳ ಪಿಡಿಎಫ್ ಇನ್ನೂ ಕಷ್ಟ, ಅದರಲ್ಲಿ ಅಡ್ಡಗೆರೆಗಳೇ ಮಾಯವಾಗಿರುತ್ತವೆ. ಹಳೆಯ ಪ್ರಶ್ನೆಪತ್ರಿಕೆಯ ಒಳ್ಳೆಯ ಪ್ರತಿ ಹುಡುಕಿ, ಇಲ್ಲವೇ ಈಗ ಮಾಡಿದ ಹಾಗೆ ನೀವೇ ಬರೆದುಕೊಳ್ಳಿ.

ಮೂರನೆಯದು: ಪ್ರತಿ ಅಂಕಿಯ ಪಕ್ಕ "ಯಾರಲ್ಲಿ?" ಎಂದು ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಶೇಕಡಾ ಎಂದರೆ ನೂರರಲ್ಲಿ ಇಷ್ಟು. ಯಾವ ನೂರು? ಅದನ್ನು ಕಂಬ ಹೇಳುವುದಿಲ್ಲ, ಪ್ಯಾರಾ ಹೇಳುತ್ತದೆ. ಅದಕ್ಕೇ ಪೆನ್ಸಿಲ್ ಹಿಡಿದು ಪ್ಯಾರಾ ಓದಬೇಕು. ನಮ್ಮ ಪ್ಯಾರಾದಲ್ಲಿ "ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ವಯಸ್ಸಿನವರಲ್ಲಿ ಮಾತ್ರ" ಎಂಬುದಕ್ಕೆ ಅಡಿಗೆರೆ ಎಳೆಯಿರಿ. ಆಮೇಲೆ 2011ರ ಮಹಿಳೆಯರ ಕಂಬದ ಪಕ್ಕ ಸಣ್ಣದಾಗಿ ಬರೆಯಿರಿ: 68, ಏಳು ದಾಟಿದ ಮಹಿಳೆಯರಲ್ಲಿ. ಪ್ಯಾರಾದ 75.4ರ ಪಕ್ಕ: ಏಳು ದಾಟಿದ ಎಲ್ಲರಲ್ಲಿ. 6.11 ಕೋಟಿಯ ಪಕ್ಕ: ಕೂಸುಗಳೂ ಸೇರಿ ಎಲ್ಲರೂ.

ಈಗ ಪ್ರಶ್ನೆ. 2011ರಲ್ಲಿ ರಾಜ್ಯದಲ್ಲಿ ಸುಮಾರು ಎಷ್ಟು ಸಾಕ್ಷರರಿದ್ದರು? ಆಯ್ಕೆಗಳು: 4.61 ಕೋಟಿ, 4.15 ಕೋಟಿ, 4.06 ಕೋಟಿ, 3.67 ಕೋಟಿ.

ಬಹಳಷ್ಟು ಜನ 6.11ರಲ್ಲಿ ಶೇ 75.4 ತೆಗೆಯುತ್ತಾರೆ. 4.61 ಕೋಟಿ ಬರುತ್ತದೆ. ಮೊದಲ ಆಯ್ಕೆಯೇ ಅದು, ಖುಷಿಯಿಂದ ಗುರುತು ಹಾಕಿ ಮುಂದೆ ಹೋಗುತ್ತಾರೆ. ಅದು ತಪ್ಪು. 75.4ರ ಪಕ್ಕ ನಾವು ಬರೆದದ್ದೇನು? ಏಳು ದಾಟಿದವರಲ್ಲಿ. 6.11ರ ಪಕ್ಕ? ಕೂಸುಗಳೂ ಸೇರಿ. ಎರಡೂ ಹೊಂದುವುದಿಲ್ಲ. ಮೊದಲು ಮಕ್ಕಳನ್ನು ತೆಗೆಯಬೇಕು. 72 ಲಕ್ಷ ಎಂದರೆ 0.72 ಕೋಟಿ. 6.11ರಲ್ಲಿ 0.72 ಕಳೆದರೆ 5.39 ಕೋಟಿ. ಅದರಲ್ಲಿ ಶೇ 75.4 ತೆಗೆದರೆ 4.06 ಕೋಟಿ. ಉತ್ತರ ಇದು. ತಪ್ಪು ಉತ್ತರಕ್ಕೂ ಇದಕ್ಕೂ ಸುಮಾರು 55 ಲಕ್ಷ ಜನರ ವ್ಯತ್ಯಾಸ!

ಉಳಿದ ಎರಡು ಆಯ್ಕೆಗಳನ್ನೂ ನೋಡಿ. 6.11ರಲ್ಲಿ ಶೇ 68 ತೆಗೆದರೆ 4.15. 5.39ರಲ್ಲಿ ಶೇ 68 ತೆಗೆದರೆ 3.67. ಎರಡೂ ಮಹಿಳೆಯರ ಕಂಬವನ್ನು ಎಲ್ಲರಿಗೂ ಹಚ್ಚಿದವರಿಗೆ ಬರುವ ಉತ್ತರ. ಪ್ರಶ್ನೆ ತೆಗೆಯುವವರು ನಾವು ಮಾಡುವ ತಪ್ಪುಗಳನ್ನು ಮೊದಲೇ ಲೆಕ್ಕ ಹಾಕಿ ಆಯ್ಕೆಯಲ್ಲಿ ಇಟ್ಟಿರುತ್ತಾರೆ. ಹಾಗಾಗಿ "ನನ್ನ ಉತ್ತರ ಆಯ್ಕೆಯಲ್ಲಿದೆ, ಸರಿಯೇ ಇರಬೇಕು" ಎಂದು ಸಮಾಧಾನ ಪಡಬೇಡಿ.

ಗುಣಾಕಾರಕ್ಕೆ ಹೆದರಬೇಡಿ. ಶೇ 75.4 ಎಂದರೆ ಮುಕ್ಕಾಲಿಗಿಂತ ತುಸು ಹೆಚ್ಚು. 5.39ರ ಮುಕ್ಕಾಲು 4.04. ಅದಕ್ಕಿಂತ ತುಸು ಹೆಚ್ಚಿನ ಆಯ್ಕೆ ಹುಡುಕಿದರೆ ಸಾಕು. ಇಂಥ ಅಡ್ಡದಾರಿ ನನಗೂ ಇಷ್ಟ.

ಇನ್ನೊಂದು ಅಡ್ಡದಾರಿ ಮಾತ್ರ ಬೇಡ. ಒಟ್ಟಾರೆ ಪ್ರಮಾಣ ಕೊಡದಿದ್ದರೆ ಎರಡು ಕಂಬ ಕೂಡಿಸಿ ಎರಡರಿಂದ ಭಾಗಿಸಿ ಎಂದು ಹೇಳಿಕೊಡುವವರಿದ್ದಾರೆ. 82 ಮತ್ತು 68ರ ಸರಾಸರಿ 75, ನಿಜವಾದ ಅಂಕಿಗೆ ಹತ್ತಿರವೇ ಬಂತು. ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮ ಇರುವುದರಿಂದ ಇಲ್ಲಿ ಅದು ನಡೆಯಿತು. ಅದೇ ರೀತಿ ನಗರ, ಹಳ್ಳಿ ಎಂದು ಎರಡು ಕಂಬ ಇದ್ದರೆ ನಡೆಯುವುದಿಲ್ಲ. ಕರ್ನಾಟಕದಲ್ಲಿ ಹಳ್ಳಿಯವರ ಸಂಖ್ಯೆ ಜಾಸ್ತಿ, ಒಟ್ಟಾರೆ ಪ್ರಮಾಣ ಹಳ್ಳಿಯ ಕಂಬದ ಕಡೆಗೇ ವಾಲುತ್ತದೆ.

ಹಾಗೆಯೇ, 2011ರಲ್ಲಿ ಸಾಕ್ಷರ ಮಹಿಳೆಯರ ಸಂಖ್ಯೆ ಎಷ್ಟು ಎಂದು ಕೇಳಿದರೆ? 68 ಇದೆ, ಆದರೆ ಏಳು ದಾಟಿದ ಮಹಿಳೆಯರು ಎಷ್ಟು ಎಂಬುದು ಎಲ್ಲೂ ಇಲ್ಲ. 5.39ನ್ನು ಸುಮ್ನೆ ಅರ್ಧ ಮಾಡಬೇಡಿ. 82, 68, 75.4 ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕಲು ಹೋದರೂ, ಕಂಬದ ಅಂಕಿಗಳನ್ನು ಪೂರ್ಣಸಂಖ್ಯೆಗೆ ತಂದಿರುವುದರಿಂದ ನಂಬುವಂಥ ಉತ್ತರ ಬರುವುದಿಲ್ಲ. "ಮಾಹಿತಿ ಸಾಲದು" ಎಂಬ ಆಯ್ಕೆ ಇದ್ದರೆ ಅದೇ ಉತ್ತರ.

ನಾಲ್ಕನೆಯದು: ಶೇಕಡಾ ಏರಿಕೆಯೋ, ಶೇಕಡಾ ಅಂಶದ ಏರಿಕೆಯೋ

ಮಹಿಳೆಯರ ಸಾಕ್ಷರತೆ 2001ರಲ್ಲಿ 57, 2011ರಲ್ಲಿ 68. ಎಷ್ಟು ಏರಿತು? ಕಳೆದರೆ 11. ಇದು 11 ಶೇಕಡಾ ಅಂಶಗಳ ಏರಿಕೆ. "ಶೇಕಡಾ ಎಷ್ಟು ಏರಿಕೆ" ಎಂದು ಕೇಳಿದ್ದರೆ 11ನ್ನು ಹಳೆಯ ಅಂಕಿಯಾದ 57ರಿಂದ ಭಾಗಿಸಬೇಕು, ಶೇ 19ರಷ್ಟು ಬರುತ್ತದೆ. 68ರಿಂದ ಭಾಗಿಸಿದರೆ ಶೇ 16 ಬಂದು ತಪ್ಪಾಗುತ್ತದೆ. ಪ್ರಶ್ನೆಯಲ್ಲಿ "ಅಂಶ" ಎಂಬ ಪದ ಇದೆಯೇ ಇಲ್ಲವೇ ಎಂದು ಬೆರಳಿಟ್ಟು ನೋಡಿ.

ಯಾವ ವರ್ಷ ಪುರುಷ–ಮಹಿಳೆ ಅಂತರ ಕಡಿಮೆ ಎಂಬಂಥ ಪ್ರಶ್ನೆಗೆ ನಕ್ಷೆಯೊಂದೇ ಸಾಕು: 23, 19, 14. ಉತ್ತರ 2011.

ಕೊನೆಗೆ ಹೇಳಿಕೆಗಳು: ಸರಿಯೋ, ತಪ್ಪೋ, ಹೇಳಲಾಗದೋ

"2011ರಲ್ಲಿ ಏಳು ದಾಟಿದ ಮಹಿಳೆಯರಲ್ಲಿ ಶೇ 68 ಮಂದಿ ಶಾಲೆಗೆ ಹೋದವರು." ಸರಿ ಅನಿಸುತ್ತದೆ. ಪ್ಯಾರಾದ ಮೊದಲ ಸಾಲಿಗೆ ಹಿಂತಿರುಗಿ. ಓದಿ, ಅರ್ಥ ಮಾಡಿಕೊಂಡು, ಬರೆಯಬಲ್ಲವರು ಎಂದಷ್ಟೇ ಇದೆ. ಶಾಲೆಯ ಮಾತೇ ಇಲ್ಲ. ಮನೆಯಲ್ಲಿ ಮಗಳಿಂದ ಅಕ್ಷರ ಕಲಿತ ಅಜ್ಜಿಯೂ ಆ ಕಂಬದಲ್ಲಿದ್ದಾಳೆ. ಉತ್ತರ: ಹೇಳಲಾಗದು.

"ಬಿಸಿಯೂಟದಿಂದಾಗಿ 2001ರ ನಂತರ ಮಹಿಳೆಯರ ಸಾಕ್ಷರತೆ ಏರಿತು." ಇದು ಇನ್ನೂ ಹೆಚ್ಚು ಮೋಸ ಮಾಡುತ್ತದೆ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ ಎಂದು ಓದಿಕೊಂಡವರಿಗೆ ಗೊತ್ತಿರುತ್ತದೆ, ವರ್ಷವೂ ಹೊಂದುತ್ತದೆ. ಆದರೆ ನಕ್ಷೆ ಏರಿಕೆ ತೋರಿಸುತ್ತದೆ, ಕಾರಣ ತೋರಿಸುವುದಿಲ್ಲ. ಪ್ಯಾರಾದಲ್ಲೂ ಊಟದ ಮಾತಿಲ್ಲ. ಅಷ್ಟೇ ಅಲ್ಲ, ಬಿಸಿಯೂಟಕ್ಕೂ ಮೊದಲು, 1991ರಿಂದ 2001ರ ನಡುವೆ ಮಹಿಳೆಯರ ಕಂಬ 13 ಅಂಶ ಏರಿತ್ತು, ಆಮೇಲಿನ ಹತ್ತು ವರ್ಷಕ್ಕಿಂತ ಜಾಸ್ತಿ.

ಇಂಥ ಹೇಳಿಕೆ ಬಂದಾಗ ಒಂದು ಬೆರಳನ್ನು ನಕ್ಷೆಯ ಮೇಲೆ, ಇನ್ನೊಂದನ್ನು ಪ್ಯಾರಾದ ಮೇಲೆ ಇಡಿ. ಹೇಳಿಕೆಯ ಪ್ರತಿ ಪದವೂ ಎರಡರಲ್ಲಿ ಒಂದು ಕಡೆ ಸಿಗಬೇಕು. "ಬಿಸಿಯೂಟದಿಂದಾಗಿ" ಎಂಬ ಪದಕ್ಕೆ ಬೆರಳಿಡಲು ಜಾಗ ಸಿಗದಿದ್ದರೆ "ಹೇಳಲಾಗದು" ಎಂದು ಗುರುತು ಹಾಕಿ, ಮುಂದಿನ ಪ್ರಶ್ನೆಗೆ ಹೋಗಿ.