ಎದೆ ಢವಗುಟ್ಟಲಿ ಅಂತಲೇ ಮೆಟ್ಟಿಲು ಹತ್ತಿದೆ

ನನಗಿದ್ದದ್ದು ಎರಡು ತೊಂದರೆ. ಒಂದು, ಕಾರಣವೇ ಇಲ್ಲದೆ ನುಗ್ಗುವ ಗಾಬರಿ. ಇನ್ನೊಂದು, ಯಾವುದೂ ಬೇಡ ಅನ್ನಿಸಿ ವಾರಗಟ್ಟಲೆ ಕುಗ್ಗಿ ಕೂರುವುದು. ಎರಡಕ್ಕೂ ಎಲ್ಲರೂ ಹೇಳುವುದು ಒಂದೇ, "ವ್ಯಾಯಾಮ ಮಾಡಿ". ಮಾಡಿ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಇವೆರಡಕ್ಕೂ ಬೇಕಾದ ವ್ಯಾಯಾಮ ಒಂದೇ ತರಹದ್ದಲ್ಲ. ಎಷ್ಟು ಬೇಕು ಅನ್ನುವ ಲೆಕ್ಕವೂ ಬೇರೆ ಬೇರೆ.

ಗಾಬರಿಯ ವಿಷಯ ಮೊದಲು. ಗಾಬರಿ ಇರುವವರಲ್ಲಿ ಎಷ್ಟೋ ಜನ ಮೈಗೆ ಆಯಾಸವಾಗುವ ಕೆಲಸವನ್ನೇ ತಪ್ಪಿಸುತ್ತಾರೆ. ನಾನೂ ಲಿಫ್ಟ್ ಇಲ್ಲದ ಕಟ್ಟಡಕ್ಕೆ ಹೋಗುತ್ತಿರಲಿಲ್ಲ. ಮೆಟ್ಟಿಲು ಹತ್ತಿದಾಗ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಬರುತ್ತದೆ, ಬೆವರುತ್ತದೆ. ಪ್ಯಾನಿಕ್ ಬಂದಾಗಲೂ ಆಗುವುದು ಇದೇ ಅಲ್ವಾ? ಮನಸ್ಸಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎದೆ ಬಡಿತ ಏರಿದರೆ ಸಾಕು, "ಏನೋ ಆಗ್ತಿದೆ" ಎಂಬ ಭಯ ಶುರು. ಆ ಭಯಕ್ಕೆ ಬಡಿತ ಇನ್ನೂ ಏರುತ್ತದೆ. ಹೀಗಾಗಿ ಗಾಬರಿಗಿಂತ ಗಾಬರಿಯ ಲಕ್ಷಣಗಳ ಭಯವೇ ದೊಡ್ಡದಾಗಿರುತ್ತದೆ. ವ್ಯಾಯಾಮ ಬೇಗ ಕೆಲಸ ಮಾಡುವುದು ಇಲ್ಲೇ.

ಮೊದಲು ಡಾಕ್ಟರ್ ಹತ್ತಿರ ಇಸಿಜಿ, ಥೈರಾಯ್ಡ್, ರಕ್ತಹೀನತೆ ಎಲ್ಲ ನೋಡಿಸಿದೆ. ಎದೆ ಬಡಿತಕ್ಕೆ ಇವೂ ಕಾರಣವಾಗಬಹುದು. ಎಲ್ಲ ಸರಿ ಇದೆ ಎಂದು ಗೊತ್ತಾದ ಮೇಲೆ ಮೆಟ್ಟಿಲಿನಿಂದ ಶುರುಮಾಡಿದೆ. ಒಂದು ನಿಮಿಷ ಬಿರುಸಾಗಿ ಹತ್ತುವುದು, ಇಳಿಯುವುದು. ಆಮೇಲೆ ಕೂರದೆ ಸುಮ್ನೆ ನಿಲ್ಲುವುದು. ನಿಂತಾಗ ನೀರು ಕುಡಿಯುವಂತಿಲ್ಲ, ಫೋನ್ ತೆಗೆಯುವಂತಿಲ್ಲ, ನಾಡಿ ಹಿಡಿದು ನೋಡುವಂತಿಲ್ಲ. ಈ ನಿಯಮ ಮುಖ್ಯ. ನೀರು ಕುಡಿದು ಸರಿಹೋದರೆ ನೀರೇ ಕಾಪಾಡಿತು ಎಂದು ಮನಸ್ಸು ಬರೆದುಕೊಳ್ಳುತ್ತದೆ. ತಾನಾಗಿಯೇ ಇಳಿಯಿತು ಎಂದು ಅದು ಕಲಿಯಬೇಕು. ಹತ್ತುವ ಮೊದಲು ಭಯಕ್ಕೆ ಹತ್ತರಲ್ಲಿ ಎಷ್ಟು ಎಂದು ಒಂದು ಅಂಕಿ ಬರೆಯುತ್ತಿದ್ದೆ, ಇಳಿದು ನಿಂತಾಗ ಇನ್ನೊಂದು. ಮೊದಮೊದಲು ಎಂಟರ ಆಸುಪಾಸು. ಉಸಿರು ಸಮಾಧಾನಕ್ಕೆ ಬಂದ ಮೇಲೂ ಭಯ ಇನ್ನೂ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತಿತ್ತು. ಆ ಅಂತರ ದಿನದಿಂದ ದಿನಕ್ಕೆ ಕುಗ್ಗುವುದನ್ನು ನೋಡುವುದೇ ಅಭ್ಯಾಸ. ಭಯದ ಅಂಕಿ ಮೂರಕ್ಕೆ ಇಳಿದ ಮೇಲೆ ಎರಡು ನಿಮಿಷ, ಆಮೇಲೆ ನಡಿಗೆಯ ನಡುವೆ ಓಟ, ಕೊನೆಗೆ 20 ನಿಮಿಷದ ಓಟ.

ಇದು ನನ್ನೊಬ್ಬನ ಕತೆಯಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ಲಕ್ಷಣಗಳಿಗೆ ಹೆದರುವವರಿಗೆ 20 ನಿಮಿಷದ ಟ್ರೆಡ್‌ಮಿಲ್ ವ್ಯಾಯಾಮ ಆರು ಸಲ ಮಾಡಿಸಿದರು. ನಿಧಾನವಾಗಿ ನಡೆದವರಿಗೂ ಸ್ವಲ್ಪ ಪ್ರಯೋಜನವಾಯಿತು. ಆದರೆ ಬೇಗ ಫಲ ಸಿಕ್ಕಿದ್ದು ಜೋರಾಗಿ ಮಾಡಿದವರಿಗೆ, ಮೈಯೊಳಗಿನ ಲಕ್ಷಣಗಳ ಭಯ ಇಳಿದದ್ದೂ ಅವರಿಗೇ. ಅಂದರೆ ಗಾಬರಿಗೆ ಬೇಕಾದ ಒಟ್ಟು ಸಮಯ ಕಡಿಮೆ, ಆದರೆ ಆ ಸಮಯದಲ್ಲಿ ಬಡಿತ ನಿಜವಾಗಿ ಏರಬೇಕು.

ಎಷ್ಟು ಏರಬೇಕು? 220ರಿಂದ ವಯಸ್ಸು ಕಳೆಯಿರಿ, ಸಿಗುವುದು ಗರಿಷ್ಠ ಬಡಿತದ ಅಂದಾಜು. 38 ವಯಸ್ಸಿಗೆ 182. ಇದರ 64ರಿಂದ 76 ಪರ್ಸೆಂಟ್, ಅಂದರೆ ನಿಮಿಷಕ್ಕೆ ಸುಮಾರು 116ರಿಂದ 138, ಮಧ್ಯಮ ಶ್ರಮ. ಅದಕ್ಕಿಂತ ಮೇಲೆ ಹೋದರೆ ಜೋರು. ಬಿ.ಪಿ., ಹೃದಯದ ಕೆಲವು ಮಾತ್ರೆಗಳು ಬಡಿತವನ್ನೇ ತಡೆಹಿಡಿಯುತ್ತವೆ, ಅವನ್ನು ತಗೊಳ್ಳುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ನಾನಂತೂ ವಾಚ್ ಬಿಚ್ಚಿಟ್ಟೆ. ಗಾಬರಿ ಇರುವವರ ಕೈಯಲ್ಲಿ ಬಡಿತ ತೋರಿಸುವ ವಾಚ್ ಇದ್ದರೆ ಎರಡು ನಿಮಿಷಕ್ಕೊಮ್ಮೆ ಅದನ್ನೇ ನೋಡುತ್ತಾರೆ. ಮಾತಾಡಿ ನೋಡುವುದೇ ಸುಲಭ: ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಮಧ್ಯಮ. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜೋರು.

ಕುಗ್ಗಿದ ಮನಸ್ಸಿನ ಲೆಕ್ಕ ಬೇರೆ. ಅಲ್ಲಿ ವಾರದಲ್ಲಿ ಒಟ್ಟು ಎಷ್ಟು ನಿಮಿಷ, ಎಷ್ಟು ವಾರ ಎನ್ನುವುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ. ಈ ಅಂಕಿ ಕೇಳಿಯೇ ಕುಗ್ಗಿದವರು ಹಾಸಿಗೆಗೆ ಮರಳುತ್ತಾರೆ. 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಸಮಾಧಾನ ಕೊಡುವಂತಿದೆ. ಏನೂ ಮಾಡದವರಿಗಿಂತ, ವಾರಕ್ಕೆ 75 ನಿಮಿಷ ಬಿರುಸಾಗಿ ನಡೆಯುವಷ್ಟು ಮಾಡುವವರಲ್ಲಿ ಖಿನ್ನತೆ ಬರುವ ಸಾಧ್ಯತೆ 18 ಪರ್ಸೆಂಟ್ ಕಡಿಮೆ ಇತ್ತು. 150 ನಿಮಿಷಕ್ಕೆ 25 ಪರ್ಸೆಂಟ್. ಅದರಾಚೆ ಹೆಚ್ಚಿನ ಲಾಭ ಅಷ್ಟಾಗಿ ಕಾಣಲಿಲ್ಲ. ಮೊದಲ 75 ನಿಮಿಷದಲ್ಲೇ ಜಾಸ್ತಿ ಲಾಭ ಎಂದಾಯಿತು. ಒಂದು ಮಾತು ಮಾತ್ರ ನೆನಪಿರಲಿ: ಇದು ಖಿನ್ನತೆ ಬರದಂತೆ ತಡೆಯುವ ಲೆಕ್ಕ. ಮನಸ್ಸು ಚೆನ್ನಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬುದೂ ಅದರಲ್ಲಿ ಸ್ವಲ್ಪ ಸೇರಿರಬಹುದು.

ಈಗಾಗಲೇ ಕುಗ್ಗಿದವರ ಮೇಲೆ ಮಾಡಿದ ಪ್ರಯೋಗಗಳೂ ಇವೆ. 2005ರ ಒಂದರಲ್ಲಿ ವ್ಯಾಯಾಮದ ಕಡಿಮೆ ಪ್ರಮಾಣ, ಸಾಮಾನ್ಯವಾಗಿ ಶಿಫಾರಸು ಮಾಡುವ ಪೂರ್ತಿ ಪ್ರಮಾಣ ಎರಡನ್ನೂ 12 ವಾರ ಹೋಲಿಸಿದರು. ಪೂರ್ತಿ ಪ್ರಮಾಣ ಮಾಡಿದವರ ಲಕ್ಷಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ವಾರಕ್ಕೆ ಮೂರು ದಿನವೋ ಐದು ದಿನವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನನ್ನ ತೀರ್ಮಾನ: 75ರಿಂದ ಶುರುಮಾಡಿ 150ರ ಕಡೆಗೆ ಹೋಗಬೇಕು, ದಿನಗಳನ್ನು ನಮಗೆ ಬೇಕಾದ ಹಾಗೆ ಹಂಚಿಕೊಳ್ಳಬಹುದು.

ಪ್ರಯೋಜನ ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸಿದೆ. ಒಟ್ಟು 27 ಅಂಕ, ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಅದು ಕೇಳುವುದು ಹಿಂದಿನ ಎರಡು ವಾರದ ಬಗ್ಗೆ, ಹಾಗಾಗಿ ದಿನಾ ತುಂಬಿದರೆ ಅರ್ಥವಿಲ್ಲ. ಐದು ಅಂಕ ಇಳಿದರೆ ನಿಜವಾದ ಬದಲಾವಣೆ ಎನ್ನುತ್ತಾರೆ. ನಾನು ಶುರುಮಾಡಿದಾಗ 14 ಇತ್ತು. ಮೊದಲ ಸಲ ಮತ್ತೆ ತುಂಬಿದಾಗ 13. ಆದರೆ ಸಾಲು ಸಾಲಾಗಿ ನೋಡಿದಾಗ ನಿದ್ದೆಯ ಪ್ರಶ್ನೆಯಲ್ಲಿ ಅಂಕ ಇಳಿದಿತ್ತು. ಆಮೇಲೆ ಸುಸ್ತು, ಆಮೇಲೆ ಆಸಕ್ತಿ. ದುಃಖದ ಪ್ರಶ್ನೆ ಕದಲಿದ್ದು ಎಲ್ಲಕ್ಕಿಂತ ಕೊನೆಗೆ. ಎರಡನೇ ತಿಂಗಳಿನ ಹೊತ್ತಿಗೆ 8ಕ್ಕೆ ಬಂತು. ಬೇಜಾರು ಹೋಯಿತೇ ಎಂದಷ್ಟೇ ಕೇಳಿಕೊಂಡಿದ್ದರೆ ಅದಕ್ಕಿಂತ ಮೊದಲೇ ಬಿಟ್ಟುಬಿಡುತ್ತಿದ್ದೆನೇನೋ. ಆ ಪಟ್ಟಿಯ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ ನಡಿಗೆಗಾಗಿ ಕಾಯದೆ ಆವತ್ತೇ ಡಾಕ್ಟರ್ ಹತ್ತಿರ ಮಾತಾಡಬೇಕು. ಮಾತ್ರೆ ತಗೊಳ್ಳುತ್ತಿರುವವರು ನಡಿಗೆ ಶುರುವಾಯಿತು ಎಂದು ಅದನ್ನು ತಾವಾಗಿ ನಿಲ್ಲಿಸಬಾರದು.

ಎಡವಟ್ಟಾಗುವ ಒಂದು ಕಡೆ ಇದೆ. ಒಂದು ಸಲ ಓಡಿದ ಮೇಲೆ ಒಂದೆರಡು ಗಂಟೆ ಆತಂಕ ಇಳಿದಿರುತ್ತದೆ. ಇದು ರುಚಿ ಹತ್ತಿಸುತ್ತದೆ. ಗಾಬರಿ ಬಂದಾಗಲೆಲ್ಲ ಶೂ ಹಾಕಿಕೊಂಡು ಓಡಿಹೋಗುವ ಚಾಳಿ ಹಿಡಿದರೆ, ಓಟವೇ ಹೊಸ ಲಿಫ್ಟ್ ಆಗುತ್ತದೆ, ತಪ್ಪಿಸಿಕೊಳ್ಳುವ ದಾರಿ. ಮೀಟಿಂಗ್ ಮಧ್ಯೆ ಗಾಬರಿಯಾದರೆ ಓಡಲು ಆಗುವುದಿಲ್ಲ. ಹಾಗಾಗಿ ವ್ಯಾಯಾಮದ ಹೊತ್ತು ಮೊದಲೇ ಗೊತ್ತುಮಾಡಿಟ್ಟು, ಗಾಬರಿ ಇರಲಿ ಬಿಡಲಿ, ಆ ಹೊತ್ತಿಗೇ ಮಾಡುತ್ತೇನೆ.

ಜ್ವರ ಬಂದು ಕೆಲವು ವಾರ ನಿಂತುಹೋದಾಗ ಎರಡರ ವ್ಯತ್ಯಾಸ ಮತ್ತೆ ಕಂಡಿತು. ಎದೆ ಬಡಿತದ ಭಯ ಅಷ್ಟಾಗಿ ಮರಳಲಿಲ್ಲ. ಮನಸ್ಸು ಮಾತ್ರ ಎರಡನೇ ವಾರಕ್ಕೇ ಜಾರತೊಡಗಿತು. ಈಗ ನಡಿಗೆ ಬಿಡದೆ ವಾರಕ್ಕೆ 120 ನಿಮಿಷದ ಆಸುಪಾಸು ಮಾಡುತ್ತೇನೆ, ಜೋರಾದ ಓಟ ವಾರಕ್ಕೊಂದು ಸಲ ಇದ್ದರೆ ಸಾಕಾಗಿದೆ.